ಒಂದು ಕೆಟ್ಟ ವಾರಕ್ಕೆ ಓದಿನ ಯೋಜನೆ ಕುಸಿಯದಿರಲು: ಮೀಸಲು ದಿನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯೋಗದಲ್ಲಿದ್ದುಕೊಂಡೇ ಪರೀಕ್ಷೆಗೆ ಓದುವವರಿಗೆ ವೇಳಾಪಟ್ಟಿ ಹಾಕಲು ನೆರವಾಗುವುದು ನನ್ನ ಕೆಲಸದ ಒಂದು ಭಾಗ. ಅವರಲ್ಲಿ ಬಹಳ ಮಂದಿಯ ಓದು ನಿಲ್ಲುವುದು ಸೋಮಾರಿತನದಿಂದಲ್ಲ. ನಾಲ್ಕನೆಯ ವಾರವೋ ಐದನೆಯ ವಾರವೋ ಒಂದು ಜ್ವರ ಬರುತ್ತದೆ, ಪಟ್ಟಿಗೂ ಓದಿಗೂ ತಾಳ ತಪ್ಪುತ್ತದೆ, ಆಮೇಲೆ ಪಟ್ಟಿಯನ್ನು ತೆರೆದು ನೋಡುವುದಕ್ಕೇ ಮನಸ್ಸಾಗುವುದಿಲ್ಲ. ಈ ಕುರಿತು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಲೆಕ್ಕ ಸುಲಭವಾಗಲೆಂದು ಎಲ್ಲ ಉತ್ತರಗಳಿಗೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ಪರೀಕ್ಷೆಗೆ 16 ವಾರ ಇದೆ, 24 ಅಧ್ಯಾಯಗಳಿವೆ, ಒಂದೊಂದು ಅಧ್ಯಾಯಕ್ಕೆ ಸುಮಾರು 5 ಗಂಟೆ ಬೇಕು, ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 2 ಗಂಟೆ ಓದಲು ಸಿಗುತ್ತದೆ.

## ಮೊದಲ ಹಂತ: ಏಕೆ, ಎಷ್ಟು, ಎಲ್ಲಿ

ಮೀಸಲು ದಿನಕ್ಕೂ ರಜೆಯ ದಿನಕ್ಕೂ ಏನು ವ್ಯತ್ಯಾಸ?

ರಜೆಯ ದಿನ ವಿಶ್ರಾಂತಿಗೆ. ಬಾಕಿ ಎಷ್ಟೇ ಇರಲಿ, ಆ ದಿನ ಪುಸ್ತಕ ಮುಟ್ಟುವಂತಿಲ್ಲ. ಮೀಸಲು ದಿನ ಓದುವ ದಿನವೇ, ಆದರೆ ಅದಕ್ಕೆ ಮೊದಲೇ ಯಾವ ಅಧ್ಯಾಯವನ್ನೂ ಹಚ್ಚಿರುವುದಿಲ್ಲ. ಆ ವಾರ ಏನು ತಪ್ಪಿತೋ ಅದು ಅಲ್ಲಿಗೆ ಬಂದು ಸೇರುತ್ತದೆ.

ಇವೆರಡನ್ನೂ ಬೆರೆಸುವುದರಿಂದಲೇ ಬಹಳಷ್ಟು ತೊಂದರೆ ಹುಟ್ಟುತ್ತದೆ. ಭಾನುವಾರವೊಂದನ್ನೇ ಬಿಟ್ಟುಕೊಂಡು, ಏನಾದರೂ ತಪ್ಪಿದರೆ ಭಾನುವಾರ ನೋಡಿಕೊಳ್ಳೋಣ ಎಂದುಕೊಂಡರೆ ಮೂರೇ ವಾರಗಳಲ್ಲಿ ವಿಶ್ರಾಂತಿ ಇಲ್ಲವಾಗುತ್ತದೆ, ಬಾಕಿಯೂ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಶನಿವಾರ ಬಾಕಿ ತೀರಿಸುವ ದಿನ, ಭಾನುವಾರ ರಜೆ. ಇವೆರಡೂ ಅದಲು ಬದಲಾಗಬಹುದು, ಒಂದಾಗಬಾರದು.

ನನಗೆ ಕಾಯಿಲೆ ಬರುವುದೇ ಅಪರೂಪ. ಆದರೂ ಮೀಸಲು ದಿನ ಬೇಕೇ?

ಬೇಕು. ವಯಸ್ಕರಿಗೆ ವರ್ಷಕ್ಕೆ ಸರಾಸರಿ ಎರಡು ಮೂರು ಬಾರಿ ನೆಗಡಿ ಬರುತ್ತದೆ. ಒಂದೊಂದು ಬಾರಿಯ ನೆಗಡಿ ಪೂರ್ತಿ ಹೋಗಲು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. 16 ವಾರವೆಂದರೆ ವರ್ಷದ ಮೂರನೆಯ ಒಂದು ಭಾಗಕ್ಕೆ ಹತ್ತಿರ. ಅಷ್ಟು ಉದ್ದದ ಯೋಜನೆಯಲ್ಲಿ ಒಂದು ಬಾರಿ ಮೈ ಕೆಡುವುದು ಆಕಸ್ಮಿಕವೇನೂ ಅಲ್ಲ, ನಿರೀಕ್ಷಿತ. ಯಾವ ವಾರ ಎಂಬುದಷ್ಟೇ ತಿಳಿದಿಲ್ಲ.

ವರ್ಷದಲ್ಲಿ ಎಷ್ಟು ಬಾರಿ ಕಾಯಿಲೆ ಬಿದ್ದೆ ಎಂಬುದನ್ನು ನಾವು ನೆನಪಿನಿಂದ ಹೇಳಿದರೆ ಕಡಿಮೆಯೇ ಹೇಳುತ್ತೇವೆ. ರಜೆ ಹಾಕಿ ಮಲಗಿದ್ದು ನೆನಪಿರುತ್ತದೆ. ಕಚೇರಿಗೆ ಹೋಗಿ ಬಂದು, ತಲೆ ಭಾರವಾಗಿ, ಸಂಜೆ ಪುಸ್ತಕ ತೆರೆಯದೆ ಮಲಗಿದ ನಾಲ್ಕು ದಿನಗಳು ನೆನಪಿರುವುದಿಲ್ಲ. ಓದಿನ ಯೋಜನೆಗೆ ಪೆಟ್ಟು ಕೊಡುವುದು ಈ ಎರಡನೆಯ ಬಗೆಯ ದಿನಗಳೇ.

ಒಟ್ಟು ಸಮಯದಲ್ಲಿ ಎಷ್ಟು ಭಾಗವನ್ನು ಮೀಸಲಿಡಬೇಕು?

ಶೇಕಡಾವಾರು ಲೆಕ್ಕದಿಂದ ಹೊರಡುವುದಕ್ಕಿಂತ ಒಂದು ಸಾಮಾನ್ಯ ಕಾಯಿಲೆ ಎಷ್ಟು ಗಂಟೆ ನುಂಗುತ್ತದೆ ಎಂಬುದರಿಂದ ಹೊರಡುವುದು ಮೇಲು. ಮೂರು ದಿನ ಪೂರ್ತಿ ಓದಿಲ್ಲ, ಮುಂದಿನ ನಾಲ್ಕು ದಿನ ಅರ್ಧ ಓದು ಎಂದುಕೊಳ್ಳೋಣ. ದಿನಕ್ಕೆ 2 ಗಂಟೆ ಓದುವವರಿಗೆ ಮೊದಲ ಮೂರು ದಿನದಲ್ಲಿ 6 ಗಂಟೆ, ಉಳಿದ ನಾಲ್ಕು ದಿನದಲ್ಲಿ 4 ಗಂಟೆ, ಒಟ್ಟು 10 ಗಂಟೆ ಹೋಯಿತು. ವಾರಕ್ಕೆ 10 ಗಂಟೆ ಓದುವವರಿಗೆ ಅದು ಸರಿಯಾಗಿ ಒಂದು ವಾರದ ಕೆಲಸ. ಆದ್ದರಿಂದ ಒಂದು ಕಾಯಿಲೆಗೆ ಒಂದು ಖಾಲಿ ವಾರ ಎಂದು ಎಣಿಸುತ್ತೇನೆ. 16 ವಾರದಲ್ಲಿ ಎರಡು ಬಾರಿಗೆ ತಯಾರಾಗಿರುತ್ತೇನೆ.

ಪಟ್ಟಿ ಹೀಗೆ ಕೂರುತ್ತದೆ. 1ರಿಂದ 6ನೆಯ ವಾರದವರೆಗೆ ವಾರಕ್ಕೆ ಎರಡರಂತೆ 12 ಅಧ್ಯಾಯ. 7ನೆಯ ವಾರ ಖಾಲಿ. 8ರಿಂದ 13ರವರೆಗೆ ಉಳಿದ 12 ಅಧ್ಯಾಯ. 14ನೆಯ ವಾರ ಖಾಲಿ. 15 ಮತ್ತು 16 ಪುನರಾವರ್ತನೆಗೆ ಮತ್ತು ಮಾದರಿ ಪ್ರಶ್ನೆಪತ್ರಿಕೆಗಳಿಗೆ. ಮೊದಲ 14 ವಾರಗಳಲ್ಲಿ ಪ್ರತಿ ಶನಿವಾರ 2 ಗಂಟೆ ಬಾಕಿ ತೀರಿಸಲು. ಅಂದರೆ ಓದು 120 ಗಂಟೆ, ಮೀಸಲು 48 ಗಂಟೆ: ಖಾಲಿ ವಾರಗಳಿಂದ 20, ಶನಿವಾರಗಳಿಂದ 28.

ಇದಕ್ಕೆ ತೆರಬೇಕಾದ ಬೆಲೆಯನ್ನು ಮುಚ್ಚಿಡಬಾರದು. 24 ಅಧ್ಯಾಯಗಳನ್ನು 16 ವಾರಕ್ಕೂ ಸಮನಾಗಿ ಹಂಚಿದ್ದರೆ ವಾರಕ್ಕೆ ಏಳೂವರೆ ಗಂಟೆ ಸಾಕಾಗುತ್ತಿತ್ತು, ಈಗ 10 ಗಂಟೆ ಬೇಕು. ವಾರಕ್ಕೆ 10 ಗಂಟೆ ನಿಮ್ಮಿಂದ ಆಗದಿದ್ದರೆ ಈಗಲೇ ಅಧ್ಯಾಯಗಳನ್ನು ಕಡಿಮೆ ಮಾಡಿ, ಖಾಲಿ ವಾರಗಳನ್ನು ಮುಟ್ಟಬೇಡಿ. ಮೀಸಲನ್ನು ಕಿತ್ತುಹಾಕಿ ಹಾಕಿದ ಪಟ್ಟಿ ಕಾಗದದ ಮೇಲಷ್ಟೇ ಹಗುರ.

ಖಾಲಿ ವಾರ ಬೇಡ, ಪ್ರತಿ ಅಧ್ಯಾಯಕ್ಕೂ ಒಂದು ಗಂಟೆ ಹೆಚ್ಚು ಇಟ್ಟರೆ ಸಾಲದೇ?

ಸಾಲುವುದಿಲ್ಲ. ಸಿಕ್ಕ ಸಮಯವನ್ನೆಲ್ಲ ತುಂಬಿಕೊಳ್ಳುವಷ್ಟು ಕೆಲಸ ಹಿಗ್ಗುತ್ತದೆ ಎಂದು ಬ್ರಿಟನ್ನಿನ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ಬರೆದರು. ಅವರು ಬರೆದದ್ದು ಸರ್ಕಾರಿ ಕಚೇರಿಗಳನ್ನು ಕುರಿತು, ಆದರೆ ಓದಿನಲ್ಲೂ ಹಾಗೆಯೇ ಆಗುತ್ತದೆ. ಐದು ಗಂಟೆಯ ಅಧ್ಯಾಯಕ್ಕೆ ಆರು ಗಂಟೆ ಕೊಟ್ಟರೆ ಟಿಪ್ಪಣಿಗಳು ಇನ್ನಷ್ಟು ಅಂದವಾಗುತ್ತವೆ, ಅಷ್ಟೇ. ಆರನೆಯ ಗಂಟೆ ಉಳಿಯುವುದಿಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯ. ಕಾಯಿಲೆ ಎಲ್ಲ ಅಧ್ಯಾಯಗಳಿಗೂ ಸ್ವಲ್ಪ ಸ್ವಲ್ಪ ಬರುವುದಿಲ್ಲ, ಒಂದೇ ಕಡೆ ಗುಂಪಾಗಿ ಬಂದು ಬೀಳುತ್ತದೆ. 24 ಅಧ್ಯಾಯಗಳ ಹಿಂದೆ ಒಂದೊಂದು ಗಂಟೆ ಬಚ್ಚಿಟ್ಟಿದ್ದರೆ 8ನೆಯ ಅಧ್ಯಾಯದಲ್ಲಿ 10 ಗಂಟೆ ಕಳೆದುಕೊಂಡವರಿಗೆ ಅಲ್ಲಿ ಸಿಗುವುದು ಒಂದು ಗಂಟೆ ಮಾತ್ರ. ಅದೇ 24 ಗಂಟೆಗಳು ಒಟ್ಟಿಗೆ ಇದ್ದರೆ ಎಲ್ಲಿ ಹೊಡೆತ ಬಿತ್ತೋ ಅಲ್ಲಿಗೆ ಒಯ್ಯಬಹುದು.

ಮೀಸಲು ದಿನಗಳನ್ನೆಲ್ಲ ಕೊನೆಯಲ್ಲೇ ಇಟ್ಟರೆ ಆಗದೇ?

ಲೆಕ್ಕಕ್ಕೆ ಸರಿಹೋಗುತ್ತದೆ, ಮನುಷ್ಯನಿಗೆ ಸರಿಹೋಗುವುದಿಲ್ಲ. 4ನೆಯ ವಾರ ಹಿಂದೆ ಬಿದ್ದವರು 13ನೆಯ ವಾರದವರೆಗೂ ಪ್ರತಿ ದಿನ ಹಿಂದೆ ಬಿದ್ದವರಾಗಿಯೇ ಪಟ್ಟಿ ನೋಡಬೇಕಾಗುತ್ತದೆ. ನಡುವೆ ಒಂದು ಖಾಲಿ ವಾರವಿದ್ದರೆ ಮತ್ತೆ ಪಟ್ಟಿಗೆ ಸಮಸಮವಾಗಿ ಬರುವ ದಿನ ಹತ್ತಿರದಲ್ಲೇ ಕಾಣುತ್ತದೆ.

## ಎರಡನೆಯ ಹಂತ: ಕಾಯಿಲೆ ಬಂದಾಗ

ಜ್ವರ ಬಂದ ದಿನ ಸ್ವಲ್ಪವಾದರೂ ಓದಬೇಕೇ? ಪೂರ್ತಿ ಬಿಟ್ಟರೆ ಅಭ್ಯಾಸವೇ ತಪ್ಪಿಹೋಗುತ್ತದೆ ಎಂಬ ಭಯ.

ಓದಬೇಡಿ. ಜ್ವರವಿರುವ ದಿನವನ್ನು ಪಟ್ಟಿಯಲ್ಲಿ ಸೊನ್ನೆ ಎಂದು ಬರೆದು ಮಲಗಿ. ತಲೆ ಕಾದಿರುವಾಗ ಓದಿದ ಎರಡು ಗಂಟೆಯನ್ನು ಪಟ್ಟಿಯಲ್ಲಿ ಎರಡು ಗಂಟೆ ಎಂದೇ ಬರೆದುಕೊಳ್ಳುತ್ತೀರಿ, ಆದರೆ ಆ ಪುಟಗಳನ್ನು ಮತ್ತೆ ಓದಲೇಬೇಕಾಗುತ್ತದೆ. ಪಟ್ಟಿ ಮುಗಿದಿದೆ ಎನ್ನುತ್ತದೆ, ತಲೆಯಲ್ಲಿ ಏನೂ ಇಲ್ಲ. ಇಂತಹ ಸುಳ್ಳು ಗಂಟೆಗಳು ಖಾಲಿ ದಿನಕ್ಕಿಂತ ಹೆಚ್ಚು ಅಪಾಯಕಾರಿ. ಖಾಲಿ ದಿನವನ್ನು ಮೀಸಲಿನಿಂದ ತುಂಬಬಹುದು, ತುಂಬಿದೆ ಎಂದು ಬರೆದ ದಿನವನ್ನು ಮತ್ತೆ ತುಂಬಲು ಯಾರೂ ಹೋಗುವುದಿಲ್ಲ.

ಅಭ್ಯಾಸ ತಪ್ಪುವ ಭಯಕ್ಕೆ ಒಂದು ಸಣ್ಣ ಉಪಾಯವಿದೆ. ಕಾಯಿಲೆಯ ದಿನಗಳಲ್ಲೂ ಪಟ್ಟಿಯನ್ನು ದಿನಕ್ಕೊಮ್ಮೆ ತೆರೆದು ಅಂದಿನ ಸಾಲಿನಲ್ಲಿ ‘ಕಾಯಿಲೆ’ ಎಂದು ಬರೆಯಿರಿ. ಅರ್ಧ ನಿಮಿಷದ ಕೆಲಸ. ಬರೆಯದೆ ಬಿಟ್ಟ ಐದು ಸಾಲುಗಳಿರುವ ಪಟ್ಟಿಯನ್ನು ಮತ್ತೆ ತೆರೆಯುವುದಕ್ಕಿಂತ ಕಾರಣ ಬರೆದಿರುವ ಪಟ್ಟಿಯನ್ನು ತೆರೆಯುವುದು ಸುಲಭ. ಮುಂದೆ ಲೆಕ್ಕ ನೋಡುವಾಗಲೂ ಆ ಕಾರಣ ಬೇಕಾಗುತ್ತದೆ.

ಜ್ವರ ಬಿಟ್ಟಿದೆ. ನಾಳೆಯಿಂದಲೇ ಪೂರ್ತಿ ಓದಬಹುದೇ?

ಜ್ವರ ಬಿಟ್ಟ ದಿನವೇ ಗುಣವಾದ ದಿನವಲ್ಲ. ಫ್ಲೂ ಬಂದಾಗ ಜ್ವರ ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ, ಕೆಮ್ಮು ಮತ್ತು ಸುಸ್ತು ಎರಡು ವಾರದವರೆಗೂ ಉಳಿಯಬಹುದು. ಡೆಂಗಿಯಲ್ಲಂತೂ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತಾಗಬಹುದು. ಆಗ ವೈದ್ಯರು ಹೇಳಿದಂತೆ ನಡೆಯಬೇಕು, ಓದಿನ ಮಾತು ಆಮೇಲೆ.

ಸಾಧಾರಣ ಕಾಯಿಲೆಗೆ ನಾನು ಹೇಳುವ ಕ್ರಮ ಇದು: ಜ್ವರದ ಮಾತ್ರೆ ಇಲ್ಲದೆಯೇ 24 ಗಂಟೆ ಜ್ವರ ಬಾರದಿದ್ದರೆ ಅರ್ಧ ದಿನದ ಓದಿಗೆ ಮರಳಿ, ಅಂದರೆ 2 ಗಂಟೆಯ ಬದಲು 1 ಗಂಟೆ. ಆ ಒಂದು ಗಂಟೆಯಲ್ಲಿ ಹೊಸದನ್ನು ಶುರು ಮಾಡಬೇಡಿ, ಕೊನೆಯದಾಗಿ ಓದಿದ್ದನ್ನೇ ತಿರುವಿಹಾಕಿ. ಒಂದು ಗಂಟೆ ಓದಿ ಎದ್ದಾಗ ಓದಿದ್ದು ಏನು ಎಂದು ಪುಸ್ತಕ ಮುಚ್ಚಿ ಮೂರು ನಾಲ್ಕು ವಾಕ್ಯಗಳಲ್ಲಿ ಹೇಳಲು ಬರುತ್ತಿದ್ದರೆ ಮರುದಿನ ಹೊಸ ಪುಟಕ್ಕೆ ಹೋಗಿ. ಇಂತಹ ಅರ್ಧ ದಿನಗಳು ನಾಲ್ಕು ಎಂದು ಮೊದಲೇ ಲೆಕ್ಕದಲ್ಲಿ ಸೇರಿಸಿಕೊಂಡಿದ್ದರೆ ಅವು ನಷ್ಟವೆನಿಸುವುದಿಲ್ಲ.

ಒಂದು ವಾರ ಪೂರ್ತಿ ಹೋಯಿತು. ದಿನಕ್ಕೆ ಒಂದು ಗಂಟೆ ಹೆಚ್ಚು ಓದಿ ಸರಿದೂಗಿಸಲೇ?

ಬೇಡ. ದಿನಕ್ಕೆ 2 ಗಂಟೆ ಎಂಬುದೇ ಉದ್ಯೋಗದ ನಡುವೆ ಕಷ್ಟಪಟ್ಟು ಹೊಂದಿಸಿದ ಸಮಯ. ಕಾಯಿಲೆಯಿಂದ ಎದ್ದ ದೇಹದ ಮೇಲೆ ಅದನ್ನು 3 ಗಂಟೆ ಮಾಡಿದರೆ ನಿದ್ದೆ ಕಡಿಮೆಯಾಗುತ್ತದೆ, ಎರಡನೆಯ ಬಾರಿ ಹಾಸಿಗೆ ಹಿಡಿಯುವ ಸಂಭವ ಹೆಚ್ಚುತ್ತದೆ. ವೇಗ ಬದಲಿಸದೆ ಬಾಕಿ ಹೇಗೆ ತೀರುತ್ತದೆ ಎಂದು ನೋಡೋಣ.

4ನೆಯ ವಾರದ ಸೋಮವಾರ ಜ್ವರ ಬಂತು ಎಂದುಕೊಳ್ಳಿ. ಆಗ 6 ಅಧ್ಯಾಯ ಮುಗಿದಿವೆ. ಸೋಮವಾರದಿಂದ ಬುಧವಾರದವರೆಗೆ ಸೊನ್ನೆ. ಗುರುವಾರ, ಶುಕ್ರವಾರ ಒಂದೊಂದು ಗಂಟೆ. ಶನಿವಾರ ಮೀಸಲು ದಿನವಾದರೂ ಓದುವುದಿಲ್ಲ, ಮೈಗೆ ವಿಶ್ರಾಂತಿ ಬೇಕು. 5ನೆಯ ವಾರದ ಸೋಮವಾರ, ಮಂಗಳವಾರ ಮತ್ತೆ ಒಂದೊಂದು ಗಂಟೆ, ಬುಧವಾರದಿಂದ ಶುಕ್ರವಾರದವರೆಗೆ ಎಂದಿನಂತೆ ಎರಡೆರಡು ಗಂಟೆ. ಎರಡೂ ವಾರ ಸೇರಿ 10 ಗಂಟೆ ಓದಾಯಿತು, 7 ಮತ್ತು 8ನೆಯ ಅಧ್ಯಾಯ ಮುಗಿದವು. ಪಟ್ಟಿಯ ಪ್ರಕಾರ 10 ಮುಗಿದಿರಬೇಕಿತ್ತು, ಬಾಕಿ 10 ಗಂಟೆ. ಆ ವಾರದ ಶನಿವಾರವನ್ನೂ ಬಿಟ್ಟುಬಿಡೋಣ.

6ನೆಯ ವಾರ ಎಂದಿನ ವೇಗದಲ್ಲೇ 9 ಮತ್ತು 10 ಮುಗಿಯುತ್ತವೆ. ಶನಿವಾರದ 2 ಗಂಟೆಯಲ್ಲಿ 11ನೆಯದು ಶುರುವಾಗುತ್ತದೆ. 7ನೆಯದು ಖಾಲಿ ವಾರ. ಅಲ್ಲಿ 11ರ ಉಳಿದ ಭಾಗಕ್ಕೆ ಮತ್ತು 12ಕ್ಕೆ ಒಟ್ಟು 8 ಗಂಟೆ ಸಾಕು, ಗುರುವಾರಕ್ಕೆ ಮುಗಿಯುತ್ತದೆ. ಶುಕ್ರವಾರ ಬಿಡುವು. 8ನೆಯ ವಾರದ ಸೋಮವಾರ ಪಟ್ಟಿಯಲ್ಲಿ ಬರೆದಿರುವ 13ನೆಯ ಅಧ್ಯಾಯವನ್ನೇ ತೆರೆಯುತ್ತೀರಿ. ಒಂದು ದಿನವೂ 2 ಗಂಟೆಗಿಂತ ಹೆಚ್ಚು ಓದಿಲ್ಲ, ಒಂದು ಅಧ್ಯಾಯವನ್ನೂ ಬಿಟ್ಟಿಲ್ಲ, ಎರಡನೆಯ ಖಾಲಿ ವಾರ ಹಾಗೆಯೇ ಇದೆ.

ಮಗುವಿಗೆ ಜ್ವರ, ನಾನು ಚೆನ್ನಾಗಿದ್ದೇನೆ. ಇದನ್ನು ಹೇಗೆ ಎಣಿಸುವುದು?

ನಿಮ್ಮದೇ ಕಾಯಿಲೆಯಂತೆ ಎಣಿಸಿ, ಮೊದಲ ದಿನದಿಂದಲೇ. ಮಗು ಮಲಗಿದ ಮೇಲೆ ಓದೋಣ ಎಂಬ ಲೆಕ್ಕ ರಾತ್ರಿ ನಾಲ್ಕು ಬಾರಿ ಎದ್ದವರಿಗೆ ಕೂಡಿಬರುವುದಿಲ್ಲ. ಇನ್ನೊಂದು ಮಾತು: ಫ್ಲೂ ಸೋಂಕು ತಗುಲಿದ ಒಂದರಿಂದ ನಾಲ್ಕು ದಿನದೊಳಗೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಮಗು ಚೇತರಿಸಿಕೊಳ್ಳುವ ಹೊತ್ತಿಗೆ ನೀವು ಮಲಗುವುದು ತೀರ ಸಾಮಾನ್ಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎರಡು ಖಾಲಿ ವಾರಕ್ಕೆ ಮೂರನೆಯದನ್ನು ಸೇರಿಸಿ, ಅದಕ್ಕಾಗಿ ಎರಡು ಅಧ್ಯಾಯ ಕಡಿಮೆ ಮಾಡಿಕೊಳ್ಳುವುದು ನನ್ನ ಸಲಹೆ.

ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ತಂತ್ರಾಂಶದ ಕಾರ್ಡುಗಳಲ್ಲಿ ಪುನರಾವರ್ತನೆ ಮಾಡುತ್ತೇನೆ. ವಾರ ಬಿಟ್ಟು ತೆರೆದರೆ ನೂರಾರು ಕಾರ್ಡು ಕಾದಿವೆ. ಏನು ಮಾಡಲಿ?

ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಮೊದಲು ಹೊಸ ಕಾರ್ಡುಗಳನ್ನು ನಿಲ್ಲಿಸಿ: ಡೆಕ್‌ನ ಆಯ್ಕೆಗಳಲ್ಲಿ New cards/day ಎಂಬಲ್ಲಿ 0 ಇಡಿ. ಆಮೇಲೆ Maximum reviews/day ಎಂಬಲ್ಲಿ, ಕಾಯಿಲೆಗೆ ಮುಂಚೆ ದಿನಕ್ಕೆ ಎಷ್ಟು ನೋಡುತ್ತಿದ್ದಿರೋ ಅದಕ್ಕಿಂತ ಸ್ವಲ್ಪವೇ ಹೆಚ್ಚಿನ ಸಂಖ್ಯೆ ಇಡಿ. ಹೊಸದು ಬರದಿದ್ದರೆ ದಿನ ಕಳೆದಂತೆ ರಾಶಿ ತಾನಾಗಿ ಕರಗುತ್ತದೆ. ಕರಗಿದ ಮೇಲೆ ಎರಡೂ ಸಂಖ್ಯೆಗಳನ್ನು ಹಿಂದಿನಂತೆ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಹೊಸ ಅಧ್ಯಾಯಗಳ ಕಾರ್ಡುಗಳು ಎಂದೂ ಎದುರಿಗೆ ಬರುವುದಿಲ್ಲ.

## ಮೂರನೆಯ ಹಂತ: ಲೆಕ್ಕ ತಪ್ಪುತ್ತಿರುವಾಗ

ಕಾಯಿಲೆ ಬಂದೇ ಇಲ್ಲ. ಆದರೂ ಪ್ರತಿ ಶನಿವಾರ ಬಾಕಿ ತೀರಿಸುವುದರಲ್ಲೇ ಹೋಗುತ್ತಿದೆ. ಏಕೆ?

ಅಂದಾಜು ತಪ್ಪಿದೆ. ಅಧ್ಯಾಯಕ್ಕೆ 5 ಗಂಟೆ ಎಂದುಕೊಂಡದ್ದು ನಿಜವಾಗಿ 6 ಗಂಟೆ ಹಿಡಿಯುತ್ತಿದ್ದರೆ ವಾರಕ್ಕೆ 12 ಗಂಟೆ ಬೇಕು, ಹೆಚ್ಚಿನ 2 ಗಂಟೆ ಶನಿವಾರವನ್ನು ಪೂರ್ತಿ ತಿನ್ನುತ್ತದೆ. ಮೇಲ್ನೋಟಕ್ಕೆ ಯೋಜನೆ ನಡೆಯುತ್ತಲೇ ಇರುತ್ತದೆ. ಆದರೆ ಕಾಯಿಲೆಗೆಂದು ಇಟ್ಟದ್ದನ್ನು ಆರೋಗ್ಯವಾಗಿರುವಾಗಲೇ ಖರ್ಚು ಮಾಡುತ್ತಿದ್ದೀರಿ.

ಇಂತಹ ತಪ್ಪು ಅಂದಾಜು ಬಹಳ ಸಹಜ. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್ ಮತ್ತು ಮೈಕಲ್ ರಾಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪದವಿ ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದ್ದರು. ಅವರ ಸರಾಸರಿ ಅಂದಾಜು ಸುಮಾರು 34 ದಿನ. ಎಲ್ಲವೂ ಕೆಟ್ಟದಾಗಿ ನಡೆದರೆ ಎಷ್ಟು ಎಂದು ಕೇಳಿದಾಗ ಸುಮಾರು 49 ಎಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಕೆಟ್ಟದ್ದನ್ನು ಊಹಿಸಿಕೊಂಡು ಹೇಳಿದ ಲೆಕ್ಕವೂ ಸಾಲಲಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ಊಹೆಯ ಬದಲು ಅಳತೆ ಮಾಡಿ. ಮೊದಲ ಮೂರು ಅಧ್ಯಾಯಗಳಿಗೆ ಗಡಿಯಾರ ನೋಡಿ ಎಷ್ಟು ಹಿಡಿಯಿತು ಎಂದು ಬರೆದಿಡಿ, ಮುಂದಿನ ಎಲ್ಲಕ್ಕೂ ಆ ಅಳತೆಯನ್ನೇ ಬಳಸಿ.

ಕಾಯಿಲೆ ಇಲ್ಲದೆ ಸತತ ಮೂರು ಶನಿವಾರ ಹೋದರೆ ಪಟ್ಟಿಯನ್ನು ತಿದ್ದಬೇಕು ಎಂಬುದು ನನ್ನ ಗುರುತು. ಅಧ್ಯಾಯಕ್ಕೆ 6 ಗಂಟೆಯಾದರೆ 120 ಗಂಟೆಯಲ್ಲಿ 20 ಅಧ್ಯಾಯ ಆಗುತ್ತವೆ. ನಾಲ್ಕನ್ನು ಬಿಡಿ, ಇಲ್ಲವೇ ನಿಜವಾಗಿ ಸಿಗುವ ಹೆಚ್ಚಿನ ಸಮಯವನ್ನು ಎಲ್ಲಿಂದಾದರೂ ತನ್ನಿ. ಶನಿವಾರವನ್ನು ಅದಕ್ಕೆ ಒತ್ತೆ ಇಡಬೇಡಿ.

ಯೋಜನೆ ಕೈಮೀರುತ್ತಿದೆ ಎಂದು ಮುಂಚಿತವಾಗಿ ತಿಳಿಯುವುದು ಹೇಗೆ?

ಭಾನುವಾರ ಎರಡೇ ಸಂಖ್ಯೆ ಬರೆಯಿರಿ. ಒಂದು, ಇಂದಿಗೆ ಎಷ್ಟು ಗಂಟೆ ಬಾಕಿ. ಇನ್ನೊಂದು, ಮುಂದೆ ಎಷ್ಟು ಗಂಟೆ ಮೀಸಲು ಉಳಿದಿದೆ. ಹಿಂದೆ ಕಳೆದ ಶನಿವಾರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಬಳಸದ ಶನಿವಾರ ಮುಂದಕ್ಕೆ ಜಮೆಯಾಗುವುದಿಲ್ಲ.

ಬಾಕಿ ಮೀಸಲಿನ ಅರ್ಧಕ್ಕಿಂತ ಕಡಿಮೆಯಿದ್ದರೆ ಏನನ್ನೂ ಬದಲಿಸಬೇಡಿ. ಅರ್ಧ ದಾಟಿದರೆ ಶನಿವಾರಗಳಿಗೆ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ. ಬಾಕಿಯೇ ಹೆಚ್ಚಾದರೆ ಅಂದೇ ಅಧ್ಯಾಯಗಳನ್ನು ಕಡಿಮೆ ಮಾಡಿ. 4ನೆಯ ವಾರ ಕಾಯಿಲೆ ಬಿದ್ದವರ ಬಾಕಿ 5ನೆಯ ವಾರದ ಕೊನೆಗೆ 10 ಗಂಟೆ. ಮುಂದೆ 6ರಿಂದ 14ರವರೆಗೆ ಒಂಬತ್ತು ಶನಿವಾರಗಳ 18 ಗಂಟೆ ಮತ್ತು ಎರಡು ಖಾಲಿ ವಾರಗಳ 20 ಗಂಟೆ, ಒಟ್ಟು 38 ಗಂಟೆ ಮೀಸಲಿದೆ. ಎರಡು ಅಧ್ಯಾಯ ಹಿಂದೆ ಬಿದ್ದಿದ್ದೇನೆ ಎಂದು ಎದೆ ಹೊಡೆದುಕೊಳ್ಳುತ್ತಿದ್ದರೂ ಅವರು ಸುರಕ್ಷಿತವಾಗಿಯೇ ಇದ್ದಾರೆ. ಹೀಗೆ ತೋರಿಸಿಕೊಡುವುದಕ್ಕೇ ಈ ಲೆಕ್ಕ ನನಗೆ ಇಷ್ಟ.

ಮೊದಲ ಖಾಲಿ ವಾರ ಮುಗಿದಿತ್ತು. ಈಗ ಎರಡನೆಯ ಬಾರಿ, ಅದೂ ದೊಡ್ಡ ಕಾಯಿಲೆ, ಸುಮಾರು ಮೂರು ವಾರ. ಎಲ್ಲ ಮುಗಿಯಿತೇ?

ಇಲ್ಲ, ಆದರೆ ಎಲ್ಲ 24 ಅಧ್ಯಾಯ ಓದುತ್ತೇನೆ ಎಂಬುದು ಮುಗಿಯಿತು. ಮೀಸಲು ದಿನ ಸಾಧಾರಣ ಕಾಯಿಲೆಗೆ. ದೊಡ್ಡ ಕಾಯಿಲೆಗೆ ಬೇಕಾದದ್ದು ಬಿಡಬಹುದಾದವುಗಳ ಪಟ್ಟಿ. ಅದನ್ನು ಮೊದಲ ವಾರವೇ, ತಲೆ ತಿಳಿಯಾಗಿರುವಾಗ ಬರೆದಿಡಬೇಕು. ಹಿಂದಿನ ಪ್ರಶ್ನೆಪತ್ರಿಕೆಗಳಲ್ಲಿ ಕಡಿಮೆ ಅಂಕ ಹೊತ್ತ, ಬೇರೆ ಅಧ್ಯಾಯಗಳಿಗೆ ಆಧಾರವಾಗಿಲ್ಲದ ನಾಲ್ಕೈದನ್ನು ಗುರುತಿಸಿ ಪಟ್ಟಿಯ ಕೊನೆಗೆ ತಳ್ಳಿ. ಅವನ್ನು ಮೊದಲೇ ಓದಿಬಿಟ್ಟಿದ್ದರೆ ಆಮೇಲೆ ಬಿಡಲು ಏನೂ ಇರುವುದಿಲ್ಲ.

9 ಮತ್ತು 10ನೆಯ ವಾರ ಪೂರ್ತಿ ಹೋಯಿತು, 11ನೆಯ ವಾರ ಅರ್ಧ ಎಂದುಕೊಳ್ಳೋಣ. 15 ಅಧ್ಯಾಯ ಮುಗಿದಿವೆ, 20 ಆಗಿರಬೇಕಿತ್ತು. ಬಾಕಿ 25 ಗಂಟೆ. ಮುಂದಿರುವ ಮೀಸಲು ಮೂರು ಶನಿವಾರಗಳ 6 ಮತ್ತು 14ನೆಯ ವಾರದ 10, ಒಟ್ಟು 16. ಕೊರತೆ 9 ಗಂಟೆ, ಅಂದರೆ ಎರಡು ಅಧ್ಯಾಯ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ನಾನಾದರೆ ಮೂರನ್ನು ಬಿಡುತ್ತೇನೆ. ಎರಡನ್ನೇ ಬಿಟ್ಟರೆ 12ರಿಂದ 14ನೆಯ ವಾರದವರೆಗಿನ ಪ್ರತಿ ಶನಿವಾರವೂ ತುಂಬಿರುತ್ತದೆ, ಒಂದು ಗಂಟೆ ಮಾತ್ರ ಕೈಯಲ್ಲಿ ಉಳಿಯುತ್ತದೆ. ದೊಡ್ಡ ಕಾಯಿಲೆಯಿಂದ ಈಗತಾನೇ ಎದ್ದವರಿಗೆ ಅಂತಹ ಬಿಗಿಯಾದ ಪಟ್ಟಿ ಹಾಕಿಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೂರನ್ನು ಬಿಟ್ಟರೆ ಆರು ಅಧ್ಯಾಯ ಉಳಿಯುತ್ತವೆ, ಮೂರು ವಾರಕ್ಕೆ ಎರಡೆರಡು, ಶನಿವಾರಗಳು ಮತ್ತೆ ಮೀಸಲಾಗುತ್ತವೆ. ಎಲ್ಲವೂ ಸರಿಯಾಗಿ ನಡೆದರೆ ಆ ಶನಿವಾರಗಳಲ್ಲಿ ಬಿಟ್ಟ ಅಧ್ಯಾಯಗಳ ಸಾರಾಂಶವನ್ನು ಒಂದೊಂದು ಗಂಟೆ ಓದಬಹುದು. ಪುನರಾವರ್ತನೆಯ ಎರಡು ವಾರಗಳನ್ನು ಮಾತ್ರ ಮುಟ್ಟಬೇಡಿ. ಓದಿದ 21 ಅಧ್ಯಾಯಗಳು ಪರೀಕ್ಷೆಯ ದಿನ ನೆನಪಿಗೆ ಬರುವುದು ಅವುಗಳಿಂದಲೇ.

ನನಗೆ ತಿಂಗಳಿಗೆ ಮೂರು ನಾಲ್ಕು ದಿನ ಮೈಗ್ರೇನ್ ಇದ್ದೇ ಇರುತ್ತದೆ. ಅದಕ್ಕೂ ಈ ಮೀಸಲೇ ಸಾಕೇ?

ಅದನ್ನು ಮೀಸಲಿಗೆ ಹಾಕಬೇಡಿ. ಮತ್ತೆ ಮತ್ತೆ ಬರುವುದು ನಿಮ್ಮ ಸಾಮಾನ್ಯ ತಿಂಗಳಿನ ಭಾಗ, ಆದ್ದರಿಂದ ಓದಿನ ಸಾಮರ್ಥ್ಯವನ್ನೇ ಅದಕ್ಕೆ ತಕ್ಕಂತೆ ಎಣಿಸಬೇಕು. ತಿಂಗಳಿಗೆ ಇಪ್ಪತ್ತು ಓದುವ ದಿನಗಳಲ್ಲಿ ನಾಲ್ಕು ಹೋಗುವುದಾದರೆ ನಿಮ್ಮ ವಾರ 10 ಗಂಟೆಯದಲ್ಲ, 8 ಗಂಟೆಯದು. 12 ವಾರಕ್ಕೆ 96 ಗಂಟೆ, ಅಂದರೆ 19 ಅಧ್ಯಾಯ. ಈ ಸಂಖ್ಯೆ ಬೇಸರ ತರಬಹುದು. ಆದರೆ 24 ಎಂದು ಬರೆದುಕೊಂಡು ಪ್ರತಿ ತಿಂಗಳು ನಿಮ್ಮನ್ನೇ ಹಳಿದುಕೊಳ್ಳುವ ಪಟ್ಟಿ ನಿಮಗೆ ಅನ್ಯಾಯ ಮಾಡುತ್ತದೆ. ಶನಿವಾರಗಳೂ ಖಾಲಿ ವಾರಗಳೂ ಇದರ ಮೇಲೆ ಪ್ರತ್ಯೇಕವಾಗಿ ಇರಬೇಕು.

ಖಾಲಿ ವಾರ ಬಂದಿದೆ, ಬಾಕಿ ಏನೂ ಇಲ್ಲ. ಮುಂದಿನ ಅಧ್ಯಾಯ ಶುರು ಮಾಡಲೇ?

ಮೊದಲ ಎರಡು ದಿನ ವಿಶ್ರಾಂತಿ. ಆಮೇಲೆ ಇದುವರೆಗಿನ 12 ಅಧ್ಯಾಯಗಳ ಮೇಲೆ ಒಂದು ಪರೀಕ್ಷೆ ತೆಗೆದುಕೊಂಡು ಎಡವಿದ ಕಡೆ ಮತ್ತೆ ಓದಿ. ಇಷ್ಟಾದ ಮೇಲೂ ಸಮಯವಿದ್ದರೆ 13ನೆಯದನ್ನು ತೆರೆಯಬಹುದು. ಪಟ್ಟಿಯ ದಿನಾಂಕಗಳನ್ನು ಮಾತ್ರ ಹಿಂದಕ್ಕೆ ಎಳೆಯಬೇಡಿ. ಮುಂದೆ ಓದಿಟ್ಟದ್ದು ಅಲ್ಲಿಯೇ ಉಳಿದು ಮುಂದಿನ ಕಾಯಿಲೆಗೆ ಒದಗಲಿ.

ಪರೀಕ್ಷೆಯ ಹಿಂದಿನ ವಾರವೇ ಜ್ವರ ಬಂದರೆ?

ಆಗ ಯಾವ ಮೀಸಲೂ ಉಳಿದಿರುವುದಿಲ್ಲ, ಆದ್ದರಿಂದ ತಯಾರಿ ಮೊದಲೇ ಆಗಿರಬೇಕು. ಪ್ರತಿ ಅಧ್ಯಾಯ ಮುಗಿದ ದಿನವೇ ಅದನ್ನು ಒಂದು ಪುಟಕ್ಕೆ ಇಳಿಸಿ. 24 ಅಧ್ಯಾಯಕ್ಕೆ 24 ಪುಟ. ಆರೋಗ್ಯವಾಗಿದ್ದರೆ 16ನೆಯ ವಾರ 10 ಗಂಟೆಯ ಪುನರಾವರ್ತನೆ, ಇಲ್ಲದಿದ್ದರೆ ಈ ಪುಟಗಳನ್ನು ಮಾತ್ರ ಪುಟಕ್ಕೆ ಹತ್ತು ನಿಮಿಷದಂತೆ 4 ಗಂಟೆಯಲ್ಲಿ. ಎರಡನೆಯದನ್ನು ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ದಿನಕ್ಕೆ ಹಂಚಬಹುದು, ಜ್ವರ ಬಿಟ್ಟ ಮೇಲೆ ದಿಂಬಿಗೆ ಒರಗಿಕೊಂಡೇ ಓದಬಹುದು.

ಇದರ ಜೊತೆಗೆ ಅರ್ಜಿ ತುಂಬುವ ದಿನವೇ ನಿಯಮಗಳನ್ನು ಓದಿಕೊಳ್ಳಿ: ಕಾಯಿಲೆಯಿಂದ ಗೈರಾದರೆ ಮತ್ತೊಂದು ದಿನಾಂಕ ಸಿಗುತ್ತದೆಯೇ, ವೈದ್ಯರ ಪ್ರಮಾಣಪತ್ರ ಎಷ್ಟು ದಿನದೊಳಗೆ ಕೊಡಬೇಕು, ಯಾರಿಗೆ ಕೊಡಬೇಕು, ಶುಲ್ಕ ಮರಳಿ ಬರುತ್ತದೆಯೇ. ಉತ್ತರಗಳನ್ನು ವೇಳಾಪಟ್ಟಿಯ ಮೊದಲ ಪುಟದಲ್ಲೇ ಬರೆದಿಡಿ, ಮನೆಯವರಿಗೂ ಒಮ್ಮೆ ತೋರಿಸಿ. 102 ಡಿಗ್ರಿ ಜ್ವರದಲ್ಲಿ ಮಲಗಿರುವಾಗ ಆ ಕಾಗದಪತ್ರಗಳನ್ನು ಓಡಾಡಿ ಮುಗಿಸಬೇಕಾದವರು ಅವರೇ.